ಅಣಬೆ ಅನ್ನ, ಮೂವತ್ತೊಂದು

ಮಂಗಳವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ, ಹೋಟೆಲಿನ ಹಿಂದಿನ ಕೋಣೆಯಲ್ಲಿ ಚೀಟಿ ಅಕ್ಕ ಹಿಂದಿನ ದಿನದ ಚೀಟಿಗಳನ್ನು ಮೊಳೆಯಿಂದ ಒಂದೊಂದಾಗಿ ಬಿಡಿಸುತ್ತಿದ್ದಳು. ಬಾಗಿಲಲ್ಲಿ ಯಜಮಾನ ಬಂದು ನಿಂತ. ಅವನು ಆ ಕೋಣೆಗೆ ಬರುವುದೇ ಅಪರೂಪ. ಬಂದರೂ ಹೊಸ್ತಿಲ ಆಚೆಯಿಂದಲೇ ಕೂಗುತ್ತಿದ್ದ. ಇವತ್ತು ಒಳಗೆ ಬಂದು, ಬಾಗಿಲನ್ನು ಅರ್ಧ ಮುಚ್ಚಿ, ಮೆಲ್ಲಗೆ ಹೇಳಿದ:

"ಭಾನುವಾರದ ಲೆಕ್ಕ ಪ್ರಿಂಟ್ ತೆಗಿ. ಆರೋಗ್ಯ ಇಲಾಖೆಯವರು ಬಂದಿದ್ದಾರೆ."

"ಯಾಕೆ ಯಜಮಾನ್ರೇ?"

"ಯಾಕೆ ಅಂತ ಕೇಳ್ತಾ ಕೂರ್ಬೇಡ. ಭಾನುವಾರ ಮ್ಯಾಚ್ ಆಡೋಕೆ ಬಸ್ಸಲ್ಲಿ ಬಂದು ಊಟ ಮಾಡಿದ್ರಲ್ಲ, ಆಟದ ಹುಡುಗ್ರು? ಅವರಲ್ಲಿ ಹನ್ನೊಂದು ಜನ ಅವರೂರಿನ ಆಸ್ಪತ್ರೆಯಲ್ಲಿದ್ದಾರಂತೆ."

ಚೀಟಿ ಅಕ್ಕ ಕೈಯಲ್ಲಿದ್ದ ಚೀಟಿಯನ್ನು ಎಲ್ಲಿ ಇಟ್ಟಳೋ ಅವಳಿಗೇ ತಿಳಿಯಲಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಅವಳ ಕೆಲಸದಿಂದ. ಹೋಟೆಲಿನಲ್ಲಿ ಮೂವರು ಸಪ್ಲೈಯರ್‌ಗಳು. ಗಿರಾಕಿ ಹೇಳಿದ್ದನ್ನು ಅವರು ಅಂಗೈಯಗಲದ ಚೀಟಿಯಲ್ಲಿ ಗೀಚಿ ಅಡುಗೆಮನೆಗೆ ಕೊಡುತ್ತಾರೆ. ಊಟ ಹೋದ ಮೇಲೆ ಅಡುಗೆಯವರು ಚೀಟಿಯನ್ನು ಮೊಳೆಗೆ ಚುಚ್ಚುತ್ತಾರೆ. ಮರುದಿನ ಚೀಟಿ ಅಕ್ಕ ಅವನ್ನು ಬಿಡಿಸಿ, ಮೇಲೆ ಅಚ್ಚಾಗಿರುವ ನಂಬರಿನ ಪ್ರಕಾರ ಜೋಡಿಸಿ, ನಡುವೆ ಯಾವ ನಂಬರಾದರೂ ತಪ್ಪಿಹೋಗಿದೆಯೇ ನೋಡಿ, ಕಂಪ್ಯೂಟರಿಗೆ ಏರಿಸಬೇಕು: ಯಾವ ಮೇಜು, ಯಾವ ಊಟ, ಎಷ್ಟು ತಟ್ಟೆ. ಕೇಳಲು ಸುಲಭ. ಆದರೆ ಮೂವರು ಬರೆಯುವುದು ಮೂರು ರೀತಿ. ಎಲ್ಲರಿಗಿಂತ ಹಳಬರಾದ, ಎಲ್ಲರ ತಪ್ಪು ತಿದ್ದುವುದರಿಂದ ಮೇಷ್ಟ್ರು ಎನಿಸಿಕೊಂಡವರು ಅಣಬೆ ಅನ್ನಕ್ಕೆ "ಅಣ-ಅ" ಎಂದು ಬರೆಯುತ್ತಾರೆ. ಎರಡನೆಯವನು ಪುಟ್ಟದೊಂದು ಕೊಡೆಯ ಚಿತ್ರ ಬಿಡಿಸುತ್ತಾನೆ. ಮೂರನೆಯವನು "೧೪" ಎನ್ನುತ್ತಾನೆ. ಹಳೆಯ ಮೆನು ಕಾರ್ಡಿನಲ್ಲಿ ಅಣಬೆ ಅನ್ನ ಹದಿನಾಲ್ಕನೆಯದು. ಕಾರ್ಡು ಬದಲಾಗಿ ಎರಡು ವರ್ಷವಾಯಿತು, ಅವನ ನಂಬರು ಬದಲಾಗಿಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅವಳು ಒಂದು ದಿನ "ಅಣಬೆ ಅನ್ನ" ಎಂದೂ ಇನ್ನೊಂದು ದಿನ "ಅಣಬೆ ಹಾಕಿದ ಅನ್ನ" ಎಂದೂ ಏರಿಸಿದ್ದಳು. ತಿಂಗಳ ಕೊನೆಗೆ ಒಂದು ಊಟ ಎರಡು ಸಾಲಾಗಿ, ಎರಡೂ ಬಡಕಲಾಗಿ ನಿಂತಿದ್ದವು. ಅದನ್ನು ನೋಡಿದ ಯಜಮಾನ, "ಇದು ಓಡೋದೇ ಇಲ್ಲ, ತೆಗೆದುಬಿಡೋಣ" ಎಂದಿದ್ದ. ಆಮೇಲೆ ಅವಳು ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದಳು. ಎಡಗಡೆ ಯಾರು ಏನು ಗೀಚುತ್ತಾರೆ, ಬಲಗಡೆ ಪೂರ್ತಿ ಹೆಸರು. ಮೂವರ ಗೀಚಿಗೂ ಒಂದೇ ಹೆಸರು, ಒಂದಕ್ಷರ ಆಚೀಚೆ ಇಲ್ಲ. ತಿಳಿಯದ ಚೀಟಿಯನ್ನು ಊಹಿಸುವುದಿಲ್ಲ. ಬೇರೆ ಕ್ಲಿಪ್ಪಿಗೆ ಸಿಕ್ಕಿಸಿ, ಬರೆದವನನ್ನೇ ಕೇಳಿ ಏರಿಸುವುದು. ಮೂರು ವರ್ಷದಿಂದ ಅವಳ ಲೆಕ್ಕಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ.

ಭಾನುವಾರದ ಹಾಳೆ ಪ್ರಿಂಟರಿನಿಂದ ಹೊರಬಂದಾಗ ಅವಳ ಕಣ್ಣು ತಾನಾಗಿ ಒಂದು ಸಾಲಿನ ಮೇಲೆ ಹೋಯಿತು. *ಅಣಬೆ ಅನ್ನ, ಮೂವತ್ತೊಂದು.* ಹೋಟೆಲಿಗೆ ಅಣಬೆ ಕೊಡುತ್ತಿದ್ದವಳು ಅವಳ ನಾದಿನಿ.

ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು. ಮೂಲೆಯ ಮೇಜಿನಲ್ಲಿ ಕುಳಿತು ಫೋನಿನಲ್ಲಿ ಯಾರದೋ ಮಾತು ಕೇಳುತ್ತಾ ಬರೆದುಕೊಳ್ಳುತ್ತಿದ್ದರು. ಚೀಟಿ ಅಕ್ಕ ನಿಂತೇ ಇರುವುದನ್ನು ಕಂಡು, ಮಾತು ನಿಲ್ಲಿಸದೆ, ಕಾಲಿನಿಂದಲೇ ಒಂದು ಕುರ್ಚಿಯನ್ನು ಅವಳ ಕಡೆ ಸರಿಸಿದರು.

"ಮೂರನೇ ಮೇಜು, ನಾಲ್ಕನೇ ಮೇಜು, ಐದನೇ ಮೇಜು," ಎಂದರು ಫೋನ್ ಇಟ್ಟು. "ಹುಷಾರಿಲ್ಲದವರೆಲ್ಲ ಈ ಮೂರು ಮೇಜಿನವರು. ಇನ್ನೊಂದು ಎಂಟು ಜನ ಆರನೇ ಏಳನೇ ಮೇಜಲ್ಲಿದ್ರು, ಅವರಿಗೆ ಏನೂ ಆಗಿಲ್ಲ. ಯಾರು ಏನು ತಿಂದ್ರು, ಹೇಳಿ ನೋಡೋಣ."

ಚೀಟಿ ಅಕ್ಕ ಹಾಳೆ ನೋಡಿ ಓದಿದಳು. ಓದುತ್ತಾ ಓದುತ್ತಾ ಅವಳ ದನಿ ಇಳಿಯಿತು. "ಮೂರನೇ ಮೇಜು, ಅಣಬೆ ಅನ್ನ ಮೂರು. ನಾಲ್ಕನೇ ಮೇಜು, ಅಣಬೆ ಅನ್ನ ನಾಲ್ಕು. ಐದನೇ ಮೇಜು, ಮೊಟ್ಟೆ ಅನ್ನ ನಾಲ್ಕು. ಆರು, ಏಳು... ತರಕಾರಿ ಅನ್ನ, ಎಂಟೂ."

"ಅನ್ನ ಒಂದೇ ಪಾತ್ರೆಯದ್ದಾ?"

"ಒಂದೇ, ಮೇಡಂ," ಎಂದ ಅಡುಗೆಯ ದೊಡ್ಡಣ್ಣ. ಅವನು ಅಡುಗೆಮನೆಯ ಬಾಗಿಲಿಗೆ ಒರಗಿ, ಹೆಗಲ ಮೇಲಿನ ಟವೆಲ್ಲನ್ನು ಹಿಂಡುತ್ತಾ ನಿಂತಿದ್ದ.

"ಹಾಗಾದ್ರೆ ಅನ್ನದ ತಪ್ಪಲ್ಲ. ತರಕಾರಿ ಅನ್ನದವರು ಚೆನ್ನಾಗಿದ್ದಾರಲ್ಲ." ಅಧಿಕಾರಿ ಪೆನ್ನಿನಿಂದ ಹಲ್ಲು ತಟ್ಟಿಕೊಂಡರು. "ಏಳು ಜನ ಅಣಬೆ. ನಾಲ್ಕು ಜನ ಮೊಟ್ಟೆ. ಆಟದ ಹುಡುಗ್ರು, ಪಕ್ಕದ ತಟ್ಟೆಗೆ ಕೈ ಹಾಕದೆ ಇರ್ತಾರಾ? ಅಲ್ಲಿನ ಡಾಕ್ಟರಿಗೂ ಒಬ್ಬ ಹುಡುಗ 'ನಾವು ಅಣಬೆ ಹೇಳಿದ್ವಿ' ಅಂದಿದ್ದಾನಂತೆ. ಉಳಿದವರು ಮಾತಾಡೋ ಸ್ಥಿತಿಯಲ್ಲೇ ಇಲ್ಲ. ಅಣಬೆ ಎಲ್ಲಿಂದ ತರಿಸ್ತೀರಿ?"

ಯಜಮಾನ ಚೀಟಿ ಅಕ್ಕನ ಮುಖ ನೋಡಿದ. ಅವಳೇ ಹೇಳಿದಳು: "ನನ್ನ ನಾದಿನಿ ಬೆಳೀತಾಳೆ, ಮೇಡಂ. ಮನೆ ಹಿಂದೆ ಒಂದು ಕೋಣೆ ಇದೆ. ಹುಲ್ಲು ತುಂಬಿದ ಚೀಲದಲ್ಲಿ."

ಅಧಿಕಾರಿ ಒಂದು ಗಳಿಗೆ ಅವಳನ್ನೇ ನೋಡಿದರು. ಅದು ಕೆಟ್ಟ ನೋಟವಲ್ಲ. ಆದರೂ ಚೀಟಿ ಅಕ್ಕನಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

"ನಾಲ್ಕು ಗಂಟೆಗೆ ನಮ್ಮವರು ಬಂದು ಆ ಕೋಣೆಗೆ ಬೀಗ ಹಾಕಿ ಸೀಲ್ ಮಾಡ್ತಾರೆ. ಸ್ಯಾಂಪಲ್ ಕಳಿಸ್ತೀವಿ. ವರದಿ ಬರೋಕೆ ಎಂಟು ದಿನ."

"ಎಂಟು ದಿನ ಬೀಗ ಹಾಕಿದ್ರೆ ನೀರು ಹಾಕೋರ್ಯಾರು ಮೇಡಂ? ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕು. ಚೀಲ ಎಲ್ಲ ಒಣಗಿ ಸತ್ತೋಗುತ್ತೆ."

"ಗೊತ್ತಮ್ಮ. ಆದ್ರೆ ಅಲ್ಲಿ ಹುಡುಗ್ರು ಡ್ರಿಪ್ ಹಾಕಿಸ್ಕೊಂಡು ಮಲಗಿದ್ದಾರೆ."

ನಾದಿನಿ ಕೆಲಸ ಮಾಡುತ್ತಿದ್ದ ನೂಲಿನ ಗಿರಣಿ ಮುಚ್ಚಿದ ಮೇಲೆ ಆ ಕೋಣೆಯೇ ಅವಳ ಅನ್ನದ ತಟ್ಟೆ. ಹಗ್ಗಕ್ಕೆ ನೇತುಬಿಟ್ಟ ನಲವತ್ತೆರಡು ಚೀಲ. ಒಂದೊಂದಕ್ಕೂ ಮಗುವಿಗೆ ಸ್ನಾನ ಮಾಡಿಸುವ ಹಾಗೆ ನೀರು ಚಿಮುಕಿಸುತ್ತಾಳೆ. ಇನ್ನೊಬ್ಬ ಗಿರಾಕಿ ಅವಳಿಗಿರಲಿಲ್ಲ.

"ಫೋನ್ ಮಾಡಿ ತಿಳಿಸಿಬಿಡು," ಎಂದ ಯಜಮಾನ. ಬಾಯಿ ಮೆತ್ತಗಿದ್ದರೂ ಮುಖದಲ್ಲಿ ಒಂದು ಬಗೆಯ ನಿರಾಳ ಇತ್ತು. ತಪ್ಪು ಹೋಟೆಲಿನ ಹೊರಗಿನದಾದರೆ ಯಾರಿಗೆ ತಾನೇ ನಿರಾಳವಾಗದು?

ನಾದಿನಿ ಫೋನಿನಲ್ಲಿ ಅಳಲಿಲ್ಲ. ಎಲ್ಲ ಕೇಳಿಸಿಕೊಂಡು, "ನಾನು ಕಾಡಿಂದ ತಂದು ಬೆರೆಸ್ತೀನಿ ಅಂತ ಅಂದ್ಕೊಂಡ್ರಾ ಅತ್ತಿಗೆ?" ಎಂದಷ್ಟೇ ಕೇಳಿದಳು. "ಇಲ್ಲ ಕಣೆ" ಎನ್ನುವುದರೊಳಗೆ ಫೋನ್ ಇಟ್ಟಿದ್ದಳು.

ಅಧಿಕಾರಿಗೆ ಚೀಟಿಗಳೂ ಬೇಕಿದ್ದವು. "ಹಾಳೆ ನೀವು ಮಾಡಿದ್ದು. ಮೂಲ ನೋಡದೆ ನಾನು ಸಹಿ ಹಾಕೋದಿಲ್ಲ. ಮೂರು, ನಾಲ್ಕು, ಐದನೇ ಮೇಜಿಂದು ಹುಡುಕಿ ಕೊಡಿ. ಅವತ್ತಿನ ಅಣಬೆ ಅನ್ನದ ಬೇರೆ ಚೀಟಿಗಳೂ ಇರಲಿ."

ಚೀಟಿ ಅಕ್ಕ ಹಿಂದಿನ ಕೋಣೆಗೆ ಹೋಗಿ ಭಾನುವಾರದ ಕಟ್ಟು ತೆಗೆದಳು. ಮೇಲಿಟ್ಟಿದ್ದ ತಕ್ಕಡಿಯ ಹಳೆಯ ಕಬ್ಬಿಣದ ಬಟ್ಟನ್ನು ಪಕ್ಕಕ್ಕೆ ಸರಿಸಿದಳು. ಚೀಟಿಗಳು ಮೊಳೆಯಿಂದ ಬರುವಾಗ ಎಣ್ಣೆ ಮೆತ್ತಿಕೊಂಡು, ಮುದುಡಿ, ಮೂಲೆ ಮಡಚಿ ಬರುತ್ತವೆ. ಅವಳು ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ತೀಡಿ, ಮೂಲೆ ಬಿಡಿಸಿ, ಸಾಲಾಗಿ ಜೋಡಿಸಿ, ಬಟ್ಟಿನ ಕೆಳಗೆ ಒಂದು ರಾತ್ರಿ ಇಡುತ್ತಾಳೆ. "ನಮ್ಮ ಚೀಟಿ ಅಕ್ಕನ ಕೈಗೆ ಸಿಕ್ರೆ ಹಪ್ಪಳಾನೂ ಇಸ್ತ್ರಿ ಆಗುತ್ತೆ" ಎಂದು ಮೇಷ್ಟ್ರು ನಗುತ್ತಿದ್ದರು.

ಅಣಬೆ ಅನ್ನದ ಚೀಟಿಗಳೆಲ್ಲ ಸೇರಿ ಹದಿಮೂರು. ಬೇರೆ ತೆಗೆದು ಮೇಜಿನ ಮೇಲೆ ಹರಡಿದಳು. ಅಣ-ಅ, ಕೊಡೆ, ಹದಿನಾಲ್ಕು. ಎಲ್ಲವನ್ನೂ ಸರಿಯಾಗಿಯೇ ಓದಿದ್ದಾಳೆ. ಒಂದೂ ತಪ್ಪಿಲ್ಲ. ಎರಡು ಸಲ ಕೂಡಿದಳು. ಮೂವತ್ತೊಂದೇ. ಮೂರನೆಯ ಸಲ ಕೂಡುವಾಗ ಕಿಟಕಿಯ ಬೆಳಕು ಓರೆಯಾಗಿ ಬಿದ್ದಿತ್ತು. ಮೂರನೇ ಮೇಜಿನ ಚೀಟಿಯ ಬಲ ಮೂಲೆಯಲ್ಲಿ ಒಂದು ಗೆರೆ ಕಂಡಿತು. ಪೆನ್ನಿನ ಗೆರೆಯಲ್ಲ, ಮಡಿಕೆಯ ಗೆರೆ. ನಾಲ್ಕನೇ ಮೇಜಿನದ್ದನ್ನು ಎತ್ತಿ ಹಿಡಿದಳು. ಅದೇ ಮೂಲೆ, ಅದೇ ಅಳತೆ. ಉಳಿದವುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಒಂಬತ್ತು, ಹತ್ತು, ಯಾವುದರಲ್ಲೂ ಇಲ್ಲ. ಕೊನೆಯದರಲ್ಲಿ ಇತ್ತು. ಒಂದು ತಟ್ಟೆ, ಪಾರ್ಸೆಲ್.

ಮುದುಡಿದ ಕಾಗದ ಹೇಗೆ ಬೇಕಾದರೂ ಮುದುಡುತ್ತದೆ. ಮೂರು ಚೀಟಿ ಒಂದೇ ಮೂಲೆಯಲ್ಲಿ, ಗೆರೆ ಎಳೆದ ಹಾಗೆ ಮಡಚಿಕೊಳ್ಳುವುದಿಲ್ಲ. ಮೂರರಲ್ಲೂ ಇದ್ದದ್ದು ಮೇಷ್ಟ್ರ ಕೈಬರಹ.

ಆಗಷ್ಟೇ ಮಧ್ಯಾಹ್ನದ ಕೆಲಸಕ್ಕೆ ಬಂದಿದ್ದ ಮೇಷ್ಟ್ರು ಹೊರಗೆ ಲೋಟಗಳನ್ನು ಒರೆಸುತ್ತಿದ್ದರು; ಬೆಳಗಿನ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಗಿರಾಕಿಗಳಿಲ್ಲದ ದಿನವೂ ಅವರ ಕೈ ಸುಮ್ಮನಿರುವುದಿಲ್ಲ.

"ಮೇಷ್ಟ್ರೇ, ಈ ಮೂಲೆ ನೀವು ಮಡಚಿದ್ದಾ?"

"ಹೂಂ ಮತ್ತೆ. ಇನ್ನೇನು ಇಲಿ ಬಂದು ಮಡಚಿತಾ?"

"ಯಾಕೆ?"

ಅವರು ಲೋಟ ಕೆಳಗಿಟ್ಟರು. "ಅಣಬೆ ಮುಗಿದಾಗ ಮಡಚ್ತೀವಲ್ಲಮ್ಮ. ಗಿರಾಕೀನ ಕೇಳ್ತೀವಿ, ಮೊಟ್ಟೆ ಅನ್ನ ಆಗುತ್ತಾ ಅಂತ. ಆಗುತ್ತೆ ಅಂದ್ರೆ ಮೂಲೆ ಮಡಚಿ ಒಳಗೆ ಕೊಡ್ತೀವಿ. ರೇಟು ಒಂದೇ, ಮತ್ಯಾಕೆ ಹೊಸ ಚೀಟಿ ಹರೀಬೇಕು? ನಂಬರು ಹಾಳು. ನೀನು ಬರೋಕೂ ಮುಂಚಿಂದ ಹೀಗೇ. ನಿನಗೆ ಗೊತ್ತಿಲ್ವಾ?"

"ನನಗೆ ಯಾರೂ ಹೇಳ್ಲಿಲ್ಲ."

"ಗೊತ್ತಿರೋದನ್ನ ಯಾರಮ್ಮ ಹೇಳ್ತಾರೆ? ನಿನಗೂ ಗೊತ್ತು ಅಂದ್ಕೊಂಡಿದ್ದೆ." ಅವರ ಮುಖ ನಿಧಾನವಾಗಿ ಬದಲಾಯಿತು. "ಹಾಗಾದ್ರೆ ನೀನು ಅದನ್ನ... ಬಿಡಿಸಿ, ಇಸ್ತ್ರಿ ಮಾಡಿ..."

"ಅಣಬೆ ಅಂತಾನೇ ಬರ್ಕೊಂಡು ಬಂದಿದ್ದೀನಿ. ಮೂರು ವರ್ಷ."

ರೇಟು ಒಂದೇ ಆಗಿದ್ದರಿಂದ ಗಲ್ಲಾಪೆಟ್ಟಿಗೆಯ ಲೆಕ್ಕದೊಂದಿಗೆ ಅವಳ ಲೆಕ್ಕ ಪ್ರತಿದಿನ ತಾಳೆಯಾಗುತ್ತಿತ್ತು. ತಾಳೆಯಾಗುತ್ತಿದ್ದುದರಿಂದ ಯಾರೂ ಪ್ರಶ್ನೆ ಕೇಳಲಿಲ್ಲ. ಅಚ್ಚುಕಟ್ಟು ಎಂದು ಅವಳು ಮಾಡುತ್ತಿದ್ದದ್ದು, ಚೀಟಿ ಹೇಳಬೇಕಿದ್ದ ಮಾತನ್ನು ಹೆಬ್ಬೆರಳಿನಿಂದ ಒರೆಸುವ ಕೆಲಸ.

ಗಡಿಯಾರ ನೋಡಿದಳು. ಒಂದು ಗಂಟೆ ಹತ್ತು ನಿಮಿಷ.

ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಅಣಬೆಯನ್ನು ಬಿಡಿಸಿದರೆ ಉಳಿಯುವುದು ಮೊಟ್ಟೆ. ಮೊಟ್ಟೆ ಎಂದರೆ ದೊಡ್ಡಣ್ಣ. ಮೂರು ವರ್ಷದಿಂದ ಮಧ್ಯಾಹ್ನದ ಹೊತ್ತಿಗೆ ಅವಳ ಪಾಲಿನ ಊಟವನ್ನು ಮುಚ್ಚಿಟ್ಟು, "ಬಿಸಿ ಇರುವಾಗ್ಲೇ ತಿಂದ್ಬಿಡು, ಚೀಟಿ ಓಡ್ಹೋಗಲ್ಲ" ಎನ್ನುವವನು ಅವನು. ಅವನಿಗೂ ಮನೆಯಲ್ಲಿ ನಾಲ್ಕು ಬಾಯಿ. ಸುಮ್ಮನಿದ್ದರೆ ನಾದಿನಿ ಹೋದಳು, ಬಾಯಿಬಿಟ್ಟರೆ ದೊಡ್ಡಣ್ಣ ಹೋದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಯಿತು ಅವಳ ಸ್ಥಿತಿ. ಆದರೆ ಆ ಡಾಕ್ಟರುಗಳು ಅವಳ ಹಾಳೆ ನಂಬಿ ಹುಡುಗರಿಗೆ ಔಷಧ ಕೊಡುತ್ತಿದ್ದರೆ? ಅದು ನೆನಪಾದದ್ದೇ ತಡ, ಚೀಟಿಗಳನ್ನು ಎತ್ತಿಕೊಂಡು ಹೊರಟಳು.

"ಮೇಡಂ, ನನ್ನ ಲೆಕ್ಕ ತಪ್ಪು."

ಮಡಿಕೆಯ ಕಥೆ ಕೇಳಿ ಮುಗಿಯುವ ಮೊದಲೇ ಯಜಮಾನ ಎದ್ದು ನಿಂತಿದ್ದ. "ಏನಿದು? ಬೆಳಿಗ್ಗೆ ಇಲ್ಲದ ಮಡಿಕೆ ಈಗ ಎಲ್ಲಿಂದ ಬಂತು? ಮೇಡಂ, ಇವಳ ನಾದಿನಿ ಅದು. ಅವಳನ್ನ ಉಳಿಸೋಕೆ ಹೋಟೆಲಿನ ಕುತ್ತಿಗೆಗೆ ತಂದಿಡ್ತಿದ್ದಾಳೆ. ಮೂಲೆ ಯಾರು ಬೇಕಾದ್ರೂ ಮಡಚಬಹುದು. ನಾನೂ ಮಡಚ್ತೀನಿ, ನೋಡಿ!" ಎಂದು ಮೇಜಿನ ಮೇಲಿದ್ದ ಖಾಲಿ ಚೀಟಿಯೊಂದನ್ನು ಮಡಚಿ ತೋರಿಸಿದ.

"ನಾನು ಮಡಚಿದ್ದು ಯಜಮಾನ್ರೇ," ಎಂದರು ಮೇಷ್ಟ್ರು.

"ನೀವು ಸುಮ್ನಿರಿ! ನೀವೂ ಅವಳೂ ಒಂದೇ ಬಟ್ಟಲಲ್ಲಿ ಟೀ ಕುಡಿಯೋರು."

ಅಧಿಕಾರಿ ಕೈ ಎತ್ತಿದರು. ದೊಡ್ಡಣ್ಣನ ಕಡೆ ತಿರುಗಿ, "ಅಣಬೆ ಮುಗಿದಿತ್ತಾ ಭಾನುವಾರ?" ಎಂದು ಕೇಳಿದರು.

ದೊಡ್ಡಣ್ಣ ಯಜಮಾನನನ್ನು ನೋಡಿದ, ನೆಲ ನೋಡಿದ. "ಜ್ಞಾಪಕ ಇಲ್ಲ ಮೇಡಂ. ಭಾನುವಾರ ರಶ್ಶು."

ಚೀಟಿ ಅಕ್ಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡಿಸುತ್ತಿದ್ದುದು ಅವಳಿಗೆ ಕಂಡಿತ್ತು.

"ಒಂದು ತಟ್ಟೆಗೆ ಎಷ್ಟು ಅಣಬೆ ದೊಡ್ಡಣ್ಣ?" ಎಂದಳು ಅವಳು ಮೆಲ್ಲಗೆ. "ಇದನ್ನಾದ್ರೂ ಹೇಳು."

"ಇನ್ನೂರು ಗ್ರಾಂ. ತೂಗೇ ಹಾಕೋದು."

"ಮೇಡಂ, ಭಾನುವಾರ ನಾದಿನಿ ಕೊಟ್ಟಿದ್ದು ನಾಲ್ಕು ಕಿಲೋ ಎಂಟು ನೂರು. ಬಂದ ಸಾಮಾನಿನ ಪುಸ್ತಕದಲ್ಲಿ ಯಜಮಾನ್ರ ಸಹಿ ಇದೆ. ಅಷ್ಟರಲ್ಲಿ ಹೆಚ್ಚೆಂದ್ರೆ ಇಪ್ಪತ್ನಾಲ್ಕು ತಟ್ಟೆ. ನಾನು ಬರೆದಿರೋದು ಮೂವತ್ತೊಂದು. ಮಡಿಕೆ ಇರೋ ಎಂಟು ತಟ್ಟೆ ಕಳೆದ್ರೆ ಇಪ್ಪತ್ಮೂರು."

"ಹಿಂದಿನ ದಿನದ ಅಣಬೆ ಉಳಿದಿದ್ರೆ?" ಎಂದರು ಅಧಿಕಾರಿ.

"ಉಳಿಯಲ್ಲ" ಎಂದು ಚೀಟಿ ಅಕ್ಕನೇ ಹೇಳಿದರೆ ಯಾರು ನಂಬುತ್ತಾರೆ? ಅಧಿಕಾರಿ ಆ ದೂರದ ಆಸ್ಪತ್ರೆಗೆ ಫೋನ್ ಮಾಡಿದರು. ಹುಡುಗರು ಮಲಗಿದ್ದಾರೆ, ಸಂಜೆ ಡಾಕ್ಟರು ಸುತ್ತು ಬಂದಾಗ ಕೇಳಿ ಹೇಳುತ್ತೇವೆ ಎಂದರು ಅಲ್ಲಿಂದ. ಸಂಜೆಯೆಂದರೆ ಬೀಗ ಬಿದ್ದು ಎರಡು ಮೂರು ಗಂಟೆಯಾಗಿರುತ್ತದೆ. ಹಾಕಿದ ಸೀಲನ್ನು ವರದಿ ಇಲ್ಲದೆ ಒಡೆಯಲು ತಮಗೂ ಅಧಿಕಾರವಿಲ್ಲವೆಂದು ಅಧಿಕಾರಿ ಮುಂಚೆಯೇ ಹೇಳಿದ್ದರು.

ಅವರು ಮೂರು ಚೀಟಿಗಳನ್ನೂ ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು.

"ಈ ಮೂರನೇದು, ಪಾರ್ಸೆಲ್. ಇದು ಆಟದವರದ್ದಲ್ಲ, ಅಲ್ವಾ?"

"ಅಲ್ಲ ಮೇಡಂ. ಮೂಲೆಯಲ್ಲಿ 'ಟೈ' ಅಂತಿದೆ ನೋಡಿ. ಹಿಂದಿನ ರಸ್ತೆ ಟೈಲರ್. ಭಾನುವಾರ ಅಂಗಡಿಗೇ ಊಟ ತರಿಸ್ಕೋತಾರೆ."

"ನೀವು ಹೇಳೋದು ನಿಜ ಆದ್ರೆ ಇವರು ತಿಂದದ್ದೂ ಮೊಟ್ಟೆ."

"ಹೌದು ಮೇಡಂ."

"ಹಾಗಿದ್ರೆ ಇವರಿಗೂ ಹುಷಾರು ತಪ್ಪಿರಬೇಕಲ್ಲ?"

ಮೇಷ್ಟ್ರು ತಮ್ಮ ಫೋನಿನಿಂದ ಟೈಲರಿಗೆ ಕರೆ ಮಾಡಿದರು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಮತ್ತೆ ಮಾಡಿದರು. ಯಾರೂ ಎತ್ತಲಿಲ್ಲ.

"ನಡೀರಿ," ಎಂದರು ಅಧಿಕಾರಿ ಚೀಲ ಹೆಗಲಿಗೇರಿಸಿ.

ಹಿಂದಿನ ರಸ್ತೆ ಇನ್ನೂರು ಹೆಜ್ಜೆಯೂ ಇಲ್ಲ. ಆ ಇನ್ನೂರು ಹೆಜ್ಜೆಯಲ್ಲಿ ಚೀಟಿ ಅಕ್ಕನ ಮನಸ್ಸು ಎಲ್ಲೆಲ್ಲಿ ಹೋಗಿ ಬಂತೋ ಅವಳಿಗೇ ನಾಚಿಕೆಯಾಯಿತು. ಟೈಲರ್ ಚೆನ್ನಾಗಿದ್ದು, ಮೆಷಿನ್ ತುಳಿಯುತ್ತಾ, "ಅಣಬೆ ಅನ್ನ ಚೆನ್ನಾಗಿತ್ತು" ಎಂದುಬಿಟ್ಟರೆ ನಾದಿನಿಯ ಕಥೆ ಮುಗಿಯಿತು. ಹಾಗಾದರೆ ಅವರಿಗೆ ಕಾಯಿಲೆಯಾಗಿರಲಿ ಎಂದು ಬಯಸಬೇಕೇ? ಒಂದು ಸಲ ಅವಳ ಚೀಲದ ಜಿಪ್ಪು ಹೋದಾಗ ಕಾಸು ಮುಟ್ಟದೆ ಹೊಲಿದುಕೊಟ್ಟ ಮನುಷ್ಯ. "ದೇವರೇ, ಅವರು ಚೆನ್ನಾಗಿರಲಿ" ಎಂದುಕೊಂಡಳು. ಮರುಗಳಿಗೆಗೆ ನಾದಿನಿಯ ಚೀಲಗಳು ಕಣ್ಣಮುಂದೆ ಬಂದು ಆ ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ಅಂಗಡಿಯ ಷಟರ್ ಮೊಣಕಾಲುದ್ದ ಮಾತ್ರ ಎತ್ತಿತ್ತು. ಮೇಷ್ಟ್ರು ಬಾಗಿ ಕೂಗಿದರು. ಒಳಗಿನಿಂದ ಏನೋ ಸದ್ದು. ಅಧಿಕಾರಿ, ಮೇಷ್ಟ್ರು ಇಬ್ಬರೂ ಸೇರಿ ಷಟರ್ ಎತ್ತಿದರು.

ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ, ಹೊಲಿಯಲು ಬಂದ ಬಟ್ಟೆಗಳ ಗಂಟನ್ನೇ ತಲೆದಿಂಬು ಮಾಡಿಕೊಂಡು ಟೈಲರ್ ಮಲಗಿದ್ದರು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಕಣ್ಣು ಗುಳಿಬಿದ್ದಿತ್ತು. ಕೆಳಗೊಂದು ಬಕೆಟ್.

"ನಿನ್ನೆ ಬೆಳಿಗ್ಗೆಯಿಂದ," ಎಂದರು, ಯಾರೂ ಕೇಳುವ ಮೊದಲೇ. "ಹೊಟ್ಟೆಯಲ್ಲಿ ನೀರೂ ನಿಲ್ತಿಲ್ಲ. ಮನೆಯವರು ಮಗಳ ಬಾಣಂತನಕ್ಕೆ ಹೋಗಿದ್ದಾರೆ. ಹೇಳಿದ್ರೆ ಗಾಬರಿ ಆಗ್ತಾರೆ ಅಂತ..."

ಅಧಿಕಾರಿ ತಮ್ಮ ಬಾಟಲಿಯ ನೀರಿಗೆ ಚೀಲದಿಂದ ಏನೋ ಪುಡಿ ಬೆರೆಸಿ, ಅವರ ತಲೆಯನ್ನು ಕೈಯಲ್ಲಿ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕುಡಿಸಿದರು. ಬಾಟಲಿ ಕೆಳಗಿಟ್ಟು ಡ್ರೈವರಿಗೆ ಫೋನ್ ಮಾಡಿ ಗಾಡಿ ತರಲು ಹೇಳಿದರು. ಆಮೇಲೆ, ಚೀಟಿ ಅಕ್ಕನ ಮುಖ ನೋಡದೆ, ಕೇಳಿದರು:

"ಭಾನುವಾರ ಮಧ್ಯಾಹ್ನ ಏನು ತಿಂದ್ರಿ?"

"ಹೋಟೆಲಿಂದೇ ಮೇಡಂ. ಅಣಬೆ ಹೇಳಿದ್ದೆ."

ಚೀಟಿ ಅಕ್ಕ ಕಣ್ಣು ಮುಚ್ಚಿಕೊಂಡಳು.

"ಹೇಳಿದ್ದು ಅದೇ," ಎಂದರು ಟೈಲರ್, ಉಸಿರು ತೆಗೆದುಕೊಂಡು. "ಮುಗಿದಿದೆ ಅಂದ್ರು ಮೇಷ್ಟ್ರು. ಮೊಟ್ಟೇದು ಕೊಟ್ರು. ಅರ್ಧ ಮಧ್ಯಾಹ್ನ, ಅರ್ಧ ಸಂಜೆ ತಿಂದೆ. ಡಬ್ಬಿ ಅಲ್ಲೇ ಇದೆ ನೋಡಿ, ತೊಳೆಯೋಕೂ ಶಕ್ತಿ ಇರ್ಲಿಲ್ಲ."

ಮೆಷಿನ್ನಿನ ಕೆಳಗೆ, ದಾರದ ಉಂಡೆಗಳ ನಡುವೆ, ಪಾರ್ಸೆಲ್ ಡಬ್ಬಿ ಇತ್ತು. ತಳದಲ್ಲಿ ಹಳದಿ ಮೊಟ್ಟೆ ಅಂಟಿದ ಒಂದು ಹಿಡಿ ಅನ್ನ. ಅಣಬೆಯ ಒಂದು ಚೂರೂ ಇರಲಿಲ್ಲ. ಅಧಿಕಾರಿ ಕೈಗವಸು ಹಾಕಿಕೊಂಡು ಅದನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಬಾಯಿ ಬಿಗಿದು, ಮೇಲೆ ಬರೆದರು. ಬರೆದಾದ ಮೇಲೆ ಗಡಿಯಾರ ನೋಡಿ, ಫೋನ್ ತೆಗೆದು, "ಆ ಅಣಬೆ ಕೋಣೆಗೆ ಹೋಗೋದು ಬೇಡ" ಎಂದರು. ಮೂರು ಗಂಟೆಗೆ ಹತ್ತು ನಿಮಿಷವಿತ್ತು.

ಮೇಷ್ಟ್ರು ಟೈಲರ್ ಜೊತೆ ಗಾಡಿ ಹತ್ತಿದರು. "ಲೋಟ ಒರೆಸೋದು ಬಾಕಿ ಇದೆ, ಯಜಮಾನ್ರಿಗೇ ಹೇಳಮ್ಮ," ಎಂದು ಚೀಟಿ ಅಕ್ಕನಿಗೆ ಕಿಟಕಿಯಿಂದ ಹೇಳಿದರು. ನಗಿಸಲು ನೋಡಿದರು, ಆದರೆ ಅವರ ಕಣ್ಣಲ್ಲೇ ನೀರಿತ್ತು. ಆ ಮೂಲೆಗಳನ್ನು ಮಡಚಿದ್ದು ಅವರ ಕೈ. ಪಾರ್ಸೆಲ್ ಕಟ್ಟಿ ಕೊಟ್ಟದ್ದೂ ಅವರೇ.

ಹೋಟೆಲಿಗೆ ಮರಳಿದಾಗ ದೊಡ್ಡಣ್ಣ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ. ವಿಷಯ ಕೇಳಿ ಎದ್ದು ನಿಂತ. ಈ ಸಲ ಅವನು ಯಜಮಾನನ ಕಡೆ ನೋಡಲಿಲ್ಲ.

"ಅಣಬೆ ಒಂದೂವರೆಗೇ ಮುಗೀತು ಮೇಡಂ. ಮೊಟ್ಟೆ ಬೆಳಿಗ್ಗೇನೇ ಒಡೆದು ಕದಡಿ ಬಕೆಟ್‌ನಲ್ಲಿ ಇಟ್ಟಿದ್ದೆ. ಫ್ರಿಜ್ ಕೆಟ್ಟು ನಾಲ್ಕು ದಿನ ಆಗಿತ್ತು. ಒಲೆ ಪಕ್ಕ ಬಿಟ್ಟು ಬೇರೆ ಜಾಗ ಇರ್ಲಿಲ್ಲ. ಎರಡು ಗಂಟೆವರೆಗೆ ಯಾರೂ ಮೊಟ್ಟೆ ಕೇಳ್ಲಿಲ್ಲ, ಹಾಗೇ ಇತ್ತು. ಕೊನೆಗೆ ಬಿಸಿ ಅನ್ನದ ಮೇಲೆ ಸುರಿದು ಕಲಸಿ ಕೊಟ್ಟೆ. ಪೂರ್ತಿ ಬೇಯೋದಿಲ್ಲ ಅದು, ಬೆಂದ್ರೆ ಗಟ್ಟಿ ಆಗುತ್ತೆ ಅಂತ ಗಿರಾಕಿಗಳು ಬೈತಾರೆ." ಒಂದು ಗಳಿಗೆ ನಿಂತು, "ಬೆಳಿಗ್ಗೇನೇ ಹೇಳ್ಬೇಕಿತ್ತು," ಎಂದ.

"ಫ್ರಿಜ್ ವಿಷಯ ನಿಮಗೆ ಗೊತ್ತಿತ್ತಾ?" ಎಂದು ಅಧಿಕಾರಿ ಯಜಮಾನನನ್ನು ಕೇಳಿದರು. ಯಜಮಾನ ಕುರ್ಚಿಯಲ್ಲಿ ಕುಸಿದು ಕುಳಿತ. ಅವನು ಇನ್ನೂ ಕೈಯಲ್ಲಿ ಹಿಡಿದುಕೊಂಡಿದ್ದ ಖಾಲಿ ಚೀಟಿ ಬೆವರಿಗೆ ಒದ್ದೆಯಾಗಿತ್ತು. "ಸೋಮವಾರ ರಿಪೇರಿಯವನು ಬಂದಿದ್ದ," ಎಂದ, ಅದೇ ಉತ್ತರ ಎನ್ನುವಂತೆ.

ಅಡುಗೆಮನೆಗೆ ಬೀಗ ಬಿತ್ತು. ಆ ಆಸ್ಪತ್ರೆಗೆ ಅಧಿಕಾರಿ ಫೋನಿನಲ್ಲಿ ಮೊಟ್ಟೆಯ ವಿಷಯ ಹೇಳುವಾಗ ಚೀಟಿ ಅಕ್ಕ ಪಕ್ಕದಲ್ಲೇ ನಿಂತು, ಯಾವ ಮೇಜು, ಎಷ್ಟು ತಟ್ಟೆ ಎಂದು ಓದಿ ಹೇಳಿದಳು. ಭಾನುವಾರದ ಹಾಳೆ ಮತ್ತೆ ಪ್ರಿಂಟಾಯಿತು: ಅಣಬೆ ಅನ್ನ ಇಪ್ಪತ್ಮೂರು, ಮೊಟ್ಟೆ ಅನ್ನ ಹನ್ನೆರಡು. ಹಳೆಯ ಹಾಳೆಯನ್ನು ಹರಿಯಲು ಹೋದವಳನ್ನು ಅಧಿಕಾರಿ ತಡೆದರು. "ಎರಡೂ ಇರಲಿ. ತಪ್ಪು ಎಲ್ಲಾಯ್ತು ಅಂತ ಬರೆದು ಸಹಿ ಹಾಕಿ, ಒಟ್ಟಿಗೆ ಪಿನ್ ಮಾಡಿ." ಅವಳು ಬರೆದಳು. ಹಿಂದಿನ ಮೂರು ವರ್ಷದ ಹಾಳೆಗಳನ್ನು ತಿದ್ದುವ ದಾರಿ ಇರಲಿಲ್ಲ. ಆರು ತಿಂಗಳಿಗಿಂತ ಹಳೆಯ ಚೀಟಿಗಳು ಯಾವತ್ತೋ ರದ್ದಿಗೆ ಹೋಗಿದ್ದವು.

ನಾದಿನಿ ಫೋನ್ ಎತ್ತಲಿಲ್ಲ. ಆರು ಸಲ ಮಾಡಿದ ಮೇಲೆ ಚೀಟಿ ಅಕ್ಕ ಬಸ್ಸಿಗೂ ಕಾಯದೆ ನಡೆದಳು, ನಡುನಡುವೆ ಓಡಿದಳು.

ಮನೆಯ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹಸಿ ಹುಲ್ಲಿನ ವಾಸನೆ, ಮಂದ ಬೆಳಕು. ನಾದಿನಿ ಸ್ಟೂಲಿನ ಮೇಲೆ ನಿಂತು ಬ್ಲೇಡಿನಿಂದ ಹಗ್ಗ ಕೊಯ್ಯುತ್ತಿದ್ದಳು. ನೆಲದ ಮೇಲೆ ಚೀಲಗಳು ಉರುಳಿದ್ದವು. ಕೆಲವು ಒಡೆದು ಬಿಳಿ ಬೂಸ್ಟು ಕಟ್ಟಿದ ಹುಲ್ಲು ಹೊರಗೆ ಚೆಲ್ಲಿತ್ತು. ಬುಟ್ಟಿಯಲ್ಲಿ ಉಗುರಿನಷ್ಟೇ ದೊಡ್ಡ ಎಳೆ ಅಣಬೆಗಳು, ಕಿತ್ತವು.

"ಏನೇ ಮಾಡ್ತಿದ್ದೀಯ?"

"ಬೀಗ ಹಾಕಿದ ಕೋಣೆಯಲ್ಲಿ ಒಣಗಿ ಸಾಯೋದನ್ನ ಕಿಟಕಿಯಿಂದ ನೋಡೋಕಾಗಲ್ಲ ಅತ್ತಿಗೆ. ನಾನೇ ಇಳಿಸ್ತೀನಿ."

"ಇಳಿ ಕೆಳಗೆ. ಯಾರೂ ಬರಲ್ಲ. ಅಣಬೆ ಅಲ್ಲ ಅಂತ ಗೊತ್ತಾಯ್ತು. ಮೊಟ್ಟೆ."

ನಾದಿನಿ ಬ್ಲೇಡ್ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು. ನೆಲದ ಮೇಲಿನ ಚೀಲಗಳನ್ನು ಎಣಿಸುವಂತೆ ನೋಡಿದಳು. ಹದಿಮೂರು ಬಿದ್ದಿದ್ದವು. ಆರು ಒಡೆದುಹೋಗಿದ್ದವು.

"ಮತ್ತೆ ಬೆಳಿಗ್ಗೆ ಅಣಬೆ ಅಂತ ಯಾರಂದ್ರು?"

ಚೀಟಿ ಅಕ್ಕ ಇನ್ನೊಬ್ಬರ ಹೆಸರು ಹೇಳಿಬಿಡಬಹುದಿತ್ತು. ಅಧಿಕಾರಿ ಎನ್ನಬಹುದಿತ್ತು, ಯಜಮಾನ ಎನ್ನಬಹುದಿತ್ತು.

"ನಾನು. ನಾನು ಬರೆದ ಹಾಳೆ. ಕೊಟ್ಟದ್ದು ಮೊಟ್ಟೆ ಅಂತ ಚೀಟಿಯಲ್ಲಿ ಗುರುತಿತ್ತು. ನನಗೆ ತಿಳೀಲಿಲ್ಲ. ನಿನ್ನ ಮೇಲೆ ಅನುಮಾನ ಬಂದಿದ್ದೇ ನನ್ನ ಕೈಯಿಂದ."

ಹೊರಗೆ ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು. ನಾದಿನಿ ಬ್ಲೇಡನ್ನು ಕಿಟಕಿಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಡೆದದ್ದು ಬಿಡು, ಅದು ಹೋಯ್ತು. ಗಟ್ಟಿ ಇರೋದನ್ನ ಒಂದೊಂದಾಗಿ ಎತ್ತಿ ಕೊಡು ಅತ್ತಿಗೆ, ಮತ್ತೆ ಕಟ್ತೀನಿ. ಕೆಳಗಿಂದ ಹಿಡ್ಕೋ, ಕುತ್ತಿಗೆ ಹಿಡ್ದ್ರೆ ಹರಿಯುತ್ತೆ."

ಚೀಟಿ ಅಕ್ಕ ಬಾಗಿ ಮೊದಲ ಚೀಲವನ್ನು ಎರಡು ಕೈಯಲ್ಲಿ ಎತ್ತಿದಳು. ಒದ್ದೆಯಾಗಿ, ತಣ್ಣಗೆ, ಎಣಿಸಿದ್ದಕ್ಕಿಂತ ಭಾರವಾಗಿತ್ತು.